ವೀಡಿಯೊದಲ್ಲಿ ಡಾಕ್ಟರನ್ನು ಕಂಡ ಖರ್ಚು ವಿಮೆಯಲ್ಲಿ ಸಿಗುತ್ತದೆಯೇ?

(ಸ್ವಸಹಾಯ ಸಂಘಗಳ ವಲಯ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ಸಲದ ವಲಯ ಸಭೆ ಮುಗಿದು ಎಲ್ಲರೂ ಬಸ್ಸಿಗೆ ಹೊರಡುವ ಹೊತ್ತಿಗೆ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಬಿಲ್ಲುಗಳು. "ಮೇಡಂ, ಆಸ್ಪತ್ರೆ ಬಿಲ್ಲು ಇನ್ಶೂರೆನ್ಸಿನವರೇ ಕಟ್ಟಿದ್ರು. ಆದ್ರೆ ಅದಕ್ಕೂ ಮೊದ್ಲು ನಾನು ಫೋನಲ್ಲೇ ಡಾಕ್ಟ್ರಿಗೆ ತೋರಿಸಿ, ಅವ್ರು ಹೇಳಿದ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲಾ ಮಾಡಿಸಿದ್ದೆ. ಆ ದುಡ್ಡು ಕೊಡಲ್ಲ ಅಂತ ಕಾಗದ ಬಂದಿದೆ. ಆನ್‌ಲೈನಲ್ಲಿ ತೋರಿಸಿದ್ದು ಲೆಕ್ಕಕ್ಕಿಲ್ಲ ಅಂತೆ. ಹೌದಾ?" ಅಂತ ಕೇಳಿದರು.

ಆ ದಿನ ನಾನು ಕವರು ತೆಗೆದುಕೊಂಡು ಬಂದೆ. ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದಾಗ, ಕಂಪನಿ ಹೇಳಿದ್ದು ಅರ್ಧ ತಪ್ಪು, ಅರ್ಧ ಸರಿ ಅಂತ ಗೊತ್ತಾಯಿತು. ಆ ಅಕ್ಕ ಇವತ್ತು ನಿಮ್ಮ ನಡುವೆಯೇ ಕೂತಿದ್ದಾರೆ. ಹೆಸರು ಹೇಳದೆ ಅವರ ವಿಷಯ ಹೇಳಲು ಒಪ್ಪಿದ್ದಾರೆ. ಹಾಗಾಗಿ ಅವರ ಕವರನ್ನೇ ಇವತ್ತು ನಮ್ಮ ಪಾಠದ ಪುಸ್ತಕ ಮಾಡಿಕೊಳ್ಳೋಣ.

ಮೊದಲು ಪಾಲಿಸಿ ಯಾವುದು ಅಂತ ಹೇಳುತ್ತೇನೆ. ಅವರದು ಆರೋಗ್ಯ ಸಂಜೀವನಿ ಪಾಲಿಸಿ, 2 ಲಕ್ಷ ರೂಪಾಯಿಯದು, ನಾಲ್ಕನೇ ವರ್ಷ ನಡೆಯುತ್ತಿತ್ತು. ಈ ಪಾಲಿಸಿ 2020ರ ಏಪ್ರಿಲ್ 1ರಿಂದ ಬಂದದ್ದು. ಇದರ ವಿಶೇಷ ಏನೆಂದರೆ, ಯಾವ ಕಂಪನಿಯಿಂದ ತೆಗೆದುಕೊಂಡರೂ ಷರತ್ತು ಒಂದೇ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರದ ಪ್ರಾಧಿಕಾರ ಇದೆಯಲ್ಲ, ಐ.ಆರ್.ಡಿ.ಎ.ಐ., ಅದು ರೂಪಿಸಿದ ಪಾಲಿಸಿ ಇದು. ಕಂತು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ನಮ್ಮ ಸಂಘಗಳಲ್ಲಿ ಹಲವರ ಹತ್ತಿರ ಇದೇ ಇರುವುದರಿಂದ ಇದನ್ನೇ ಉದಾಹರಣೆ ಮಾಡಿಕೊಳ್ಳುತ್ತೇನೆ.

ಈ ಪಾಲಿಸಿ ಮೂರು ಭಾಗದ ಖರ್ಚು ಕೊಡುತ್ತದೆ. ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಖರ್ಚು ಒಂದು. ಅಡ್ಮಿಟ್ ಆಗುವ ಮೊದಲಿನ 30 ದಿನಗಳ ಖರ್ಚು ಇನ್ನೊಂದು. ಡಿಸ್ಚಾರ್ಜ್ ಆದ ಮೇಲಿನ 60 ದಿನಗಳ ಖರ್ಚು ಮತ್ತೊಂದು. ನಮ್ಮ ಹೆಂಗಸರು ಮೊದಲನೆಯದನ್ನು ಮಾತ್ರ ನೆನಪಿಡುತ್ತಾರೆ. ಆಸ್ಪತ್ರೆಯಲ್ಲಿ ಕಾರ್ಡು ಕೊಟ್ಟು ನಗದು ಕಟ್ಟದೆ ಹೊರಗೆ ಬಂದರೆ ಎಲ್ಲಾ ಮುಗಿಯಿತು ಅಂತ ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಹಿಂದಿನ 30 ದಿನದಲ್ಲಿ ಹೊರಗಡೆ ನೀವೇ ಕೈಯಿಂದ ಕೊಟ್ಟ ಹಣ ಆಸ್ಪತ್ರೆಯ ಆ ಬಿಲ್ಲಿನಲ್ಲಿ ಸೇರಿರುವುದಿಲ್ಲ. ಅದನ್ನು ನೀವೇ ಬೇರೆಯಾಗಿ ಅರ್ಜಿ ತುಂಬಿ, ಬಿಲ್ಲು ಇಟ್ಟು ಕೇಳಬೇಕು.

ಅಡ್ಮಿಟ್‌ಗೆ ಮೊದಲಿನ ಖರ್ಚು ಸಿಗಬೇಕಾದರೆ ಪಾಲಿಸಿ ಪುಸ್ತಕದಲ್ಲಿ ಎರಡು ಷರತ್ತು ಬರೆದಿರುತ್ತದೆ. ಯಾವ ಕಾಯಿಲೆಗೆ ಅಡ್ಮಿಟ್ ಆದಿರೋ ಅದೇ ಕಾಯಿಲೆಗೆ ಮಾಡಿದ ಖರ್ಚಾಗಿರಬೇಕು. ಮತ್ತು ಆ ಅಡ್ಮಿಟ್‌ನ ಕ್ಲೇಮನ್ನು ಕಂಪನಿ ಒಪ್ಪಿರಬೇಕು. ಇದರ ಜೊತೆಗೆ 'ವೈದ್ಯಕೀಯ ಖರ್ಚು' ಅನ್ನುವ ಶಬ್ದಕ್ಕೇ ಒಂದು ಅರ್ಥ ಕೊಟ್ಟಿದ್ದಾರೆ: ನೋಂದಣಿ ಇರುವ ವೈದ್ಯರ ಸಲಹೆಯ ಮೇಲೆ, ನಿಜವಾಗಿಯೂ, ಅಗತ್ಯಕ್ಕಾಗಿ ಮಾಡಿದ ಖರ್ಚು. ಇಲ್ಲಿ 'ವೈದ್ಯರ ಸಲಹೆ' ಅಂತ ಇದೆ. ವೈದ್ಯರ ಎದುರು ಕುರ್ಚಿಯಲ್ಲಿ ಕೂತು ಪಡೆದ ಸಲಹೆ ಅಂತ ಇಲ್ಲ.

ಹಾಗಾದರೆ ಫೋನಿನಲ್ಲಿ ಕೊಟ್ಟ ಸಲಹೆ ವೈದ್ಯರ ಸಲಹೆಯೋ ಅಲ್ಲವೋ? 2020ರ ಮೊದಲು ಇದಕ್ಕೆ ಸ್ಪಷ್ಟ ಉತ್ತರ ಇರಲಿಲ್ಲ. ಕೊರೊನಾ ಬಂದಾಗ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಬಗ್ಗೆ ನಿಯಮ ಹೊರಡಿಸಿತು. ನೋಂದಾಯಿತ ವೈದ್ಯರು ವೀಡಿಯೊದಲ್ಲಿ, ಬರೀ ಫೋನ್ ಕರೆಯಲ್ಲಿ, ಅಥವಾ ಬರಹದ ಸಂದೇಶದಲ್ಲಿ ಕೂಡ ರೋಗಿಯನ್ನು ವಿಚಾರಿಸಿ ಸಲಹೆ ಕೊಡಬಹುದು ಅಂತ ಅದು ಹೇಳಿತು. ಕೆಲವು ಔಷಧಿಗಳನ್ನು ಮಾತ್ರ ಹೀಗೆ ಬರೆಯುವ ಹಾಗಿಲ್ಲ. ನಿದ್ದೆ, ಅಮಲು ತರುವ ಜಾತಿಯವು ಅದರಲ್ಲಿ ಬರುತ್ತವೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ನಿಯಮದ ಇನ್ನೆರಡು ಮಾತು. ವೈದ್ಯರು ಚೀಟಿಯಲ್ಲಿಯೂ ಹಣದ ರಸೀದಿಯಲ್ಲಿಯೂ ತಮ್ಮ ನೋಂದಣಿ ಸಂಖ್ಯೆ ಹಾಕಬೇಕು. ತೆಗೆದುಕೊಂಡ ಫೀಸಿಗೆ ರಸೀದಿ ಕೊಡಬೇಕು. ಸಹಿ ಮಾಡಿದ ಚೀಟಿಯ ಫೋಟೊವನ್ನು ವಾಟ್ಸಾಪಿನಂಥ ಸಂದೇಶದಲ್ಲಿ ಕಳಿಸಿದರೂ ಅದು ಚೀಟಿಯೇ. ವೈದ್ಯರು ತಮ್ಮ ಹತ್ತಿರ ದಾಖಲೆಯನ್ನೂ ಇಟ್ಟುಕೊಳ್ಳಬೇಕು. ಈ ಕೊನೆಯ ಮಾತು ನಮ್ಮ ಅಕ್ಕನಿಗೆ ಆಮೇಲೆ ಬಹಳ ಉಪಯೋಗಕ್ಕೆ ಬಂತು.

ಅದೇ ವರ್ಷ ಜೂನ್ 11ರಂದು ವಿಮಾ ಪ್ರಾಧಿಕಾರ ಎಲ್ಲಾ ಕಂಪನಿಗಳಿಗೆ ಒಂದು ಸುತ್ತೋಲೆ ಕಳಿಸಿತು. ಪಾಲಿಸಿಯಲ್ಲಿ ಎಲ್ಲೆಲ್ಲಿ ವೈದ್ಯರನ್ನು ಕಾಣುವ ಖರ್ಚಿಗೆ ಅವಕಾಶ ಇದೆಯೋ ಅಲ್ಲೆಲ್ಲ ಟೆಲಿಮೆಡಿಸಿನ್‌ಗೂ ಅವಕಾಶ ಕೊಡಿ ಅಂತ ಅದು ಹೇಳಿತು. ಆದರೆ ಪಾಲಿಸಿಯಲ್ಲಿ ಇರುವ ಮಿತಿಗಳು ಹಾಗೆಯೇ ಇರುತ್ತವೆ, ಅದರಲ್ಲಿ ಸಡಿಲಿಕೆ ಇಲ್ಲ ಅಂತಲೂ ಹೇಳಿತು. ಈ ಎರಡನೇ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಮೊದಲು ಇಲ್ಲದ ಹೊಸ ಸೌಲಭ್ಯ ಯಾವುದೂ ಬರಲಿಲ್ಲ. ಕ್ಲಿನಿಕ್ಕಿಗೆ ಹೋಗಿ ತೋರಿಸಿದರೆ ಯಾವ ಹಣ ಸಿಗುತ್ತಿತ್ತೋ, ಫೋನಿನಲ್ಲಿ ತೋರಿಸಿದರೂ ಅದು ಸಿಗಬೇಕು. ಕ್ಲಿನಿಕ್ಕಿಗೆ ಹೋದರೂ ಸಿಗದ ಹಣ ಫೋನಿನಲ್ಲಿ ತೋರಿಸಿದ ಮಾತ್ರಕ್ಕೆ ಸಿಗುವುದಿಲ್ಲ.

2024ರ ಮೇ 29ರಂದು ಪ್ರಾಧಿಕಾರ ಹಳೆಯ ಅನೇಕ ಸುತ್ತೋಲೆಗಳನ್ನು ತೆಗೆದು ಆರೋಗ್ಯ ವಿಮೆಗೆ ಒಂದೇ ದೊಡ್ಡ ಸುತ್ತೋಲೆ ಮಾಡಿತು. ಆದ್ದರಿಂದ ಕಂಪನಿಗೆ ಪತ್ರ ಬರೆಯುವಾಗ ಬರೀ ಹಳೆಯ ಸುತ್ತೋಲೆಯ ದಿನಾಂಕ ಹಿಡಿದುಕೊಂಡು ವಾದ ಮಾಡುವುದಕ್ಕಿಂತ, ನಿಮ್ಮ ಪಾಲಿಸಿ ಪುಸ್ತಕದಲ್ಲೇ ಇರುವ ಮಾತಿನ ಮೇಲೆ ನಿಲ್ಲುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. 'ವೈದ್ಯರ ಸಲಹೆಯ ಮೇಲೆ' ಅಂತ ಪುಸ್ತಕದಲ್ಲಿ ಇದ್ದರೆ, ವೀಡಿಯೊ ಸಲಹೆ ಇಲ್ಲ ಅಂತ ಎಲ್ಲಿ ಬರೆದಿದೆ ತೋರಿಸಿ ಅಂತ ಕೇಳಬಹುದು.

ಈಗ ಕವರು ಬಿಚ್ಚೋಣ.

ಅಕ್ಕ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ಆಗಸ್ಟ್ 12ರಂದು ಅಡ್ಮಿಟ್ ಆದರು, 15ಕ್ಕೆ ಮನೆಗೆ ಬಂದರು. ಹಾಗಾದರೆ 30 ದಿನ ಎಲ್ಲಿಂದ? ಅಡ್ಮಿಟ್ ಆದ ದಿನದಿಂದ ಹಿಂದಕ್ಕೆ ಎಣಿಸಬೇಕು, ಆಪರೇಷನ್ ದಿನದಿಂದ ಅಲ್ಲ. ಆಗಸ್ಟ್ 11ರಿಂದ 1ರವರೆಗೆ 11 ದಿನ. ಜುಲೈ 31ರಿಂದ 13ರವರೆಗೆ 19 ದಿನ. ಒಟ್ಟು 30. ಅಂದರೆ ಜುಲೈ 13ರಿಂದ ಈಚೆಗಿನ ಬಿಲ್ಲು ಒಳಗೆ, ಜುಲೈ 12ರದ್ದು ಹೊರಗೆ.

ಮೊದಲ ಬಿಲ್ಲು ಜುಲೈ 6ರದ್ದು. ಹೊಟ್ಟೆ ನೋವು ಶುರುವಾದಾಗ ಮಗನ ಫೋನಿನ ಆ್ಯಪಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿ 400 ರೂಪಾಯಿ, ಗ್ಯಾಸ್ಟ್ರಿಕ್ ಮಾತ್ರೆಗೆ 280 ರೂಪಾಯಿ ಕೊಟ್ಟಿದ್ದರು. ಇದು ಅದೇ ಕಾಯಿಲೆಯ ಮೊದಲ ಹೆಜ್ಜೆಯೇ, ಆದರೆ 30 ದಿನದ ಆಚೆಗಿನದು. ಕ್ಲಿನಿಕ್ಕಿಗೆ ಹೋಗಿದ್ದರೂ ಸಿಗುತ್ತಿರಲಿಲ್ಲ. ಬಿಟ್ಟುಬಿಡಿ.

ನೋವು ಕಡಿಮೆಯಾಗದೆ ಜುಲೈ 22ರಂದು ಅದೇ ಆ್ಯಪಿನಲ್ಲಿ ಮಂಗಳೂರಿನ ಒಬ್ಬ ಸರ್ಜನ್ನರಿಗೆ ವೀಡಿಯೊದಲ್ಲಿ ತೋರಿಸಿದರು. ಡಾಕ್ಟರ ಫೀಸು 500, ಆ್ಯಪಿನವರ ಸೇವಾ ಶುಲ್ಕ 50. ಅವರು ಹೊಟ್ಟೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮತ್ತು ಮಾತ್ರೆ ಬರೆದುಕೊಟ್ಟರು. ಜುಲೈ 24ರಂದು ತಾಲೂಕು ಪೇಟೆಯಲ್ಲಿ ಸ್ಕ್ಯಾನಿಂಗ್‌ಗೆ 1,200, ರಕ್ತ ಪರೀಕ್ಷೆಗೆ 1,450, ಮಾತ್ರೆಗೆ 640 ಆಯಿತು. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತು.

ನಡುವೆ ಜುಲೈ 30ರಂದು ಕೈಯ ತುರಿಕೆಗೆ ಅಂತ ಬೇರೆ ಚರ್ಮದ ಡಾಕ್ಟರಿಗೆ ವೀಡಿಯೊದಲ್ಲಿ ತೋರಿಸಿ 350, ಮುಲಾಮಿಗೆ 210 ಖರ್ಚು ಮಾಡಿದ್ದರು. ಇದೂ ಕವರಿನಲ್ಲಿ ಇತ್ತು. "ಅದೂ ಅದೇ ತಿಂಗಳದ್ದಲ್ವಾ ಮೇಡಂ" ಅಂತ ಅಕ್ಕ ಹೇಳಿದರು. ತಿಂಗಳು ಅದೇ, ಕಾಯಿಲೆ ಅದಲ್ಲ. ಪಿತ್ತಕೋಶದ ಕಲ್ಲಿಗೂ ಕೈಯ ತುರಿಕೆಗೂ ಆ ಡಾಕ್ಟರು ಯಾವ ಸಂಬಂಧವನ್ನೂ ಬರೆದಿರಲಿಲ್ಲ. ಅದು ಹೋಯಿತು.

ಆಗಸ್ಟ್ 2ರಂದು ಪರಿಚಯದ ಒಬ್ಬ ಡಾಕ್ಟರಿಗೆ ಫೋನ್ ಮಾಡಿ, ರಿಪೋರ್ಟ್ ಫೋಟೊ ಕಳಿಸಿ, ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದರು. ಅವರಿಗೆ ಫೋನಿನಲ್ಲೇ 300 ಕಳಿಸಿದ್ದರು. ಕಾಗದ ಒಂದೂ ಇಲ್ಲ, ಹಣ ಹೋದ ಸಂದೇಶ ಮಾತ್ರ. ಆಗಸ್ಟ್ 8ರಂದು ಆಪರೇಷನ್ ಮಾಡುವ ಆಸ್ಪತ್ರೆಯವರದೇ ವೀಡಿಯೊ ವ್ಯವಸ್ಥೆಯಲ್ಲಿ ಸರ್ಜನ್ನರಿಗೆ ರಿಪೋರ್ಟ್ ತೋರಿಸಿದರು, 300. ಅವರು ಅಡ್ಮಿಟ್ ಆಗಲು ಹೇಳಿದರು. ಆಗಸ್ಟ್ 10ರಂದು ಅದೇ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮತ್ತು ಆಪರೇಷನ್‌ಗೆ ಮುಂಚಿನ ಪರೀಕ್ಷೆಗಳಿಗೆ 900.

ಎಲ್ಲಾ ಕೂಡಿಸಿದರೆ ಅಕ್ಕನ ಕೈಯಿಂದ ಹೋದದ್ದು 6,580 ರೂಪಾಯಿ. ಕಂಪನಿ ಮೊದಲು ಒಪ್ಪಿದ್ದು ಆ ಕೊನೆಯ 900 ಮಾತ್ರ. ಅದರಲ್ಲೂ ಆರೋಗ್ಯ ಸಂಜೀವನಿಯಲ್ಲಿ ಪ್ರತಿ ಕ್ಲೇಮಿನ 5 ಪಾಲು ನಾವೇ ಹೊರಬೇಕು, ನೂರಕ್ಕೆ 5 ರೂಪಾಯಿ. ಅದು ಹೋಗಿ 855 ಬಂತು.

ಕಾಗದದಲ್ಲಿ ಎರಡು ಕಾರಣ ಕೊಟ್ಟಿದ್ದರು. ಒಂದು, 'ಸಲಹೆ ಆನ್‌ಲೈನ್ ಆದ್ದರಿಂದ ಪಾವತಿ ಇಲ್ಲ.' ಇದು ತಪ್ಪು. ಯಾಕೆ ಅಂತ ಈಗಾಗಲೇ ಹೇಳಿದೆ. ಆಗಸ್ಟ್ 8ರ ರಸೀದಿಯಲ್ಲಿ ಅಕ್ಕನ ಹೆಸರು, ಡಾಕ್ಟರ ನೋಂದಣಿ ಸಂಖ್ಯೆ, ದಿನಾಂಕ ಎಲ್ಲಾ ಇತ್ತು. ವೀಡಿಯೊ ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಿದ್ದರು.

ಎರಡನೆಯ ಕಾರಣ, 'ಚೀಟಿಯಲ್ಲಿರುವ ವ್ಯಕ್ತಿ ರೋಗಿಯಲ್ಲ.' ಇದನ್ನು ಓದಿ ನನಗೂ ಮೊದಲು ಕೋಪ ಬಂತು. ಆಮೇಲೆ ಜುಲೈ 22ರ ಚೀಟಿ ತೆಗೆದು ನೋಡಿದರೆ, ಹೆಸರಿನ ಜಾಗದಲ್ಲಿ ಮಗನ ಹೆಸರು, ವಯಸ್ಸು 24, ಗಂಡಸು! ಆ್ಯಪು ಮಗನ ಫೋನಿನಲ್ಲಿ ಮಗನ ಹೆಸರಲ್ಲಿ ಇತ್ತು. ತೋರಿಸುವವರು ಯಾರು ಅಂತ ಕೇಳುವ ಜಾಗದಲ್ಲಿ ಹೆಸರು ಬದಲಾಯಿಸದೆ ಹಾಗೆಯೇ ಒತ್ತಿದ್ದಾನೆ. ಡಾಕ್ಟರು ಅಮ್ಮನ ಮುಖ ನೋಡಿಯೇ ಮಾತಾಡಿದ್ದಾರೆ, ಆದರೆ ಚೀಟಿ ಯಂತ್ರದಲ್ಲಿ ಮಗನ ಹೆಸರಿಗೆ ಬಂದಿದೆ. ನಮ್ಮ ಮನೆಗಳಲ್ಲಿ ಇದೇ ನಡೆಯುವುದು. ಸ್ಮಾರ್ಟ್ ಫೋನ್ ಮಕ್ಕಳ ಕೈಯಲ್ಲಿ, ಕಾಯಿಲೆ ತಾಯಿಯ ಹೊಟ್ಟೆಯಲ್ಲಿ.

ಇನ್ನೂ ಒಂದು ಇದೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ 'ಯಾರು ಕಳಿಸಿದ್ದು' ಅಂತ ಕೇಳಿದಾಗ ಅಕ್ಕನ ಹತ್ತಿರ ಚೀಟಿ ಇರಲಿಲ್ಲ, ಅದು ಮಗನ ಫೋನಿನಲ್ಲಿ. ಅವರು ರಿಪೋರ್ಟಿನಲ್ಲಿ ಡಾಕ್ಟರ ಹೆಸರಿನ ಜಾಗದಲ್ಲಿ 'ಸೆಲ್ಫ್' ಅಂತ ಹಾಕಿದರು. ಸೆಲ್ಫ್ ಅಂದರೆ ಯಾವ ಡಾಕ್ಟರೂ ಹೇಳದೆ ನೀವಾಗಿಯೇ ಬಂದು ಮಾಡಿಸಿದ್ದು ಅಂತ ಅರ್ಥ. ಈಗ ಕಂಪನಿಯ ಕಣ್ಣಿಂದ ನೋಡಿ. ಹೆಂಗಸಿನ ಸ್ಕ್ಯಾನಿಂಗ್ ಬಿಲ್ಲು ಇದೆ, ಆದರೆ ಆ ಹೆಂಗಸಿಗೆ ಸ್ಕ್ಯಾನಿಂಗ್ ಬರೆದ ಡಾಕ್ಟರೇ ಇಲ್ಲ. ವೈದ್ಯರ ಸಲಹೆಯ ಮೇಲೆ ಮಾಡಿದ ಖರ್ಚು ಅಂತ ಹೇಗೆ ಒಪ್ಪುತ್ತಾರೆ?

ನಾನು ಇಷ್ಟೊತ್ತು ಹೇಳಿದ್ದು ಇದಕ್ಕಾಗಿಯೇ. ವೀಡಿಯೊ ಸಲಹೆಯ ಫೀಸು ಸಿಗುತ್ತದೆಯೇ ಅಂತ ನಾವು 500 ರೂಪಾಯಿಗೆ ತಲೆ ಕೆಡಿಸಿಕೊಳ್ಳುತ್ತೇವೆ. ದೊಡ್ಡ ಹಣ ಇರುವುದು ಅದರ ಹಿಂದೆ. ಆ ಒಂದು ಚೀಟಿ ನಿಲ್ಲದೆ ಹೋದಾಗ 500 ಮಾತ್ರ ಹೋಗಲಿಲ್ಲ, ಅದರ ಮೇಲೆ ಮಾಡಿಸಿದ 1,200, 1,450, 640 ಎಲ್ಲಾ ಸೇರಿ 3,790 ಹೋಯಿತು.

ಅಕ್ಕ ಏನು ಮಾಡಿದರು ಅಂದರೆ, ಆ್ಯಪಿನ ಮೂಲಕ ಸರ್ಜನ್ನರನ್ನು ಮತ್ತೆ ಸಂಪರ್ಕಿಸಿದರು. ಡಾಕ್ಟರ ಹತ್ತಿರ ಆ ದಿನದ ದಾಖಲೆ ಇತ್ತು. ಜುಲೈ 22ರಂದು ವೀಡಿಯೊದಲ್ಲಿ ತಾನು ನೋಡಿದ್ದು ಈ ತಾಯಿಯನ್ನು, ಹೆಸರು ತಪ್ಪಾಗಿ ಮಗನದು ಬಂದಿದೆ ಅಂತ ಅವರು ಸಹಿ, ನೋಂದಣಿ ಸಂಖ್ಯೆ ಹಾಕಿ ಒಂದು ಪತ್ರ ಕೊಟ್ಟರು. ಜೊತೆಗೆ ಸರಿಯಾದ ಹೆಸರಿನ ಚೀಟಿ, ರಸೀದಿ. ಪತ್ರ ಬರೆದ ದಿನಾಂಕ ಅವತ್ತಿನದೇ, ಹಳೆಯ ದಿನಾಂಕ ಹಾಕಲಿಲ್ಲ. ಇದನ್ನು ಗಮನಿಸಿ. ಹಳೆಯ ದಿನಾಂಕ ಹಾಕಿಸಿ ಹೊಸ ಚೀಟಿ ಮಾಡಿಸಿದರೆ ಅದು ಸುಳ್ಳು ದಾಖಲೆ. ಸಿಕ್ಕಿಬಿದ್ದರೆ ಆ ಕ್ಲೇಮು ಮಾತ್ರವಲ್ಲ, ಪಾಲಿಸಿಯೇ ಹೋಗಬಹುದು. ಸ್ಕ್ಯಾನಿಂಗ್ ಸೆಂಟರಿನವರು ಚೀಟಿ ನೋಡಿ, ಕಳಿಸಿದ ಡಾಕ್ಟರ ಹೆಸರು ಹಾಕಿ ರಿಪೋರ್ಟ್ ತಿದ್ದಿಕೊಟ್ಟರು. ಪರಿಚಯದ ಡಾಕ್ಟರು 300 ರೂಪಾಯಿಗೆ ರಸೀದಿ ಕೊಟ್ಟರು. ಅವರಿಗೆ ಸ್ವಲ್ಪ ಮುಜುಗರ ಆಯಿತಂತೆ, ಆದರೂ ಕೊಟ್ಟರು. ಬರೀ ಫೋನ್ ಕರೆಯೂ ನಿಯಮದಲ್ಲಿ ಟೆಲಿಮೆಡಿಸಿನ್ನೇ ಅಂತ ಆಗಲೇ ಹೇಳಿದೆನಲ್ಲ.

ಇದನ್ನೆಲ್ಲ ಇಟ್ಟು, ಕಂಪನಿಯ ದೂರು ವಿಭಾಗಕ್ಕೆ ಒಂದು ಪುಟದ ಪತ್ರ ಬರೆದೆವು. ಪತ್ರದಲ್ಲಿ ಜಗಳದ ಮಾತು ಇರಲಿಲ್ಲ. ಯಾವ ಬಿಲ್ಲು ಯಾವ ಚೀಟಿಗೆ ಸೇರಿದ್ದು ಅಂತ ದಿನಾಂಕದ ಪ್ರಕಾರ ಬರೆದೆವು. 'ಆನ್‌ಲೈನ್ ಸಲಹೆಗೆ ಹಣ ಇಲ್ಲ ಎಂಬುದು ಪಾಲಿಸಿಯ ಯಾವ ಷರತ್ತಿನಲ್ಲಿದೆ, ದಯವಿಟ್ಟು ಸಂಖ್ಯೆ ತಿಳಿಸಿ' ಅಂತ ಕೇಳಿದೆವು. ಕ್ಲೇಮನ್ನು ಪೂರ್ತಿಯಾಗಲಿ ಅರ್ಧವಾಗಲಿ ನಿರಾಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಕಂಪನಿ ತಿಳಿಸಬೇಕು, 2024ರ ಸುತ್ತೋಲೆಯಲ್ಲೇ ಹಾಗೆ ಇದೆ. ಮೂರು ವಾರ ಬಿಟ್ಟು ಉತ್ತರ ಬಂತು. ಷರತ್ತಿನ ಸಂಖ್ಯೆ ಬರಲಿಲ್ಲ, ಹಣ ಬಂತು.

ಲೆಕ್ಕ ಹೀಗೆ: ಸರ್ಜನ್ನರ ಫೀಸು 500, ಸ್ಕ್ಯಾನಿಂಗ್ 1,200, ರಕ್ತ ಪರೀಕ್ಷೆ 1,450, ಮಾತ್ರೆ 640, ಫೋನ್ ಸಲಹೆ 300, ಆಸ್ಪತ್ರೆಯ ವೀಡಿಯೊ 300, ಇ.ಸಿ.ಜಿ. ಮತ್ತು ಇತರೆ 900. ಒಟ್ಟು 5,290. ಅದರಲ್ಲಿ ನಮ್ಮ ಪಾಲು ನೂರಕ್ಕೆ 5ರಂತೆ 264 ರೂಪಾಯಿ 50 ಪೈಸೆ ಕಳೆದು 5,025 ರೂಪಾಯಿ 50 ಪೈಸೆ. ಮೊದಲು ಬಂದ 855 ಬಿಟ್ಟು ಉಳಿದ 4,170 ರೂಪಾಯಿ 50 ಪೈಸೆ ಅಕ್ಕನ ಖಾತೆಗೆ ಬಿತ್ತು. ಆ್ಯಪಿನ ಸೇವಾ ಶುಲ್ಕ 50 ಸಿಗಲಿಲ್ಲ, ಅದು ಚಿಕಿತ್ಸೆಯ ಖರ್ಚಲ್ಲ. ವರ್ಷಕ್ಕೆ ಇಷ್ಟು ಅಂತ ಆ್ಯಪಿಗೆ ಕಟ್ಟುವ ಸದಸ್ಯತ್ವದ ಹಣವೂ ಇದೇ ರೀತಿ.

ನಿಮ್ಮಲ್ಲಿ ಯಾರಿಗಾದರೂ ಫೋನಿನಲ್ಲಿ ಡಾಕ್ಟರಿಗೆ ತೋರಿಸುವ ಸಂದರ್ಭ ಬಂದರೆ, ಮಾತು ಶುರುವಾಗುವ ಮೊದಲೇ ಪರದೆಯ ಮೇಲೆ ಯಾರ ಹೆಸರು, ಎಷ್ಟು ವಯಸ್ಸು ಬಂದಿದೆ ಅಂತ ಮಗನನ್ನೋ ಮಗಳನ್ನೋ ಓದಿ ಹೇಳಲು ಹೇಳಿ. ಆಧಾರಿನಲ್ಲಿ, ಪಾಲಿಸಿಯಲ್ಲಿ ಇರುವ ಹೆಸರೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಬೇಡ. ಮುಗಿದ ಮೇಲೆ ಚೀಟಿ ಮತ್ತು ರಸೀದಿ ಎರಡೂ ಬಂತಾ ನೋಡಿ. ಹಣ ಹೋದ ಸಂದೇಶ ರಸೀದಿಯಲ್ಲ. ಅದೇ ದಿನ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪ್ರತಿ ತೆಗೆಸಿ. ಫೋನ್ ಕೆಟ್ಟರೆ, ಆ್ಯಪ್ ತೆಗೆದುಹಾಕಿದರೆ ಆಮೇಲೆ ಹುಡುಕುವುದು ಕಷ್ಟ. ಒಂದು ಪ್ರತಿ ಸ್ಕ್ಯಾನಿಂಗ್‌ಗೆ, ಮೆಡಿಕಲ್ ಅಂಗಡಿಗೆ ಹೋಗುವಾಗ ಕೈಯಲ್ಲಿರಲಿ.

ಇನ್ನೊಂದು ಮಾತು ಹೇಳಬೇಕು, ಇದು ಹಣಕ್ಕಿಂತ ಮುಖ್ಯ. ಡಾಕ್ಟರು 'ಎಷ್ಟು ದಿನದಿಂದ ನೋವು?' ಅಂತ ಕೇಳುತ್ತಾರೆ. ನಾವು ಅಭ್ಯಾಸಬಲದಿಂದ 'ಅಯ್ಯೋ, ಎಷ್ಟೋ ವರ್ಷದಿಂದ ಇದೆ ಡಾಕ್ಟ್ರೇ' ಅಂದುಬಿಡುತ್ತೇವೆ. ಕ್ಲಿನಿಕ್ಕಿನಲ್ಲಿ ಆ ಮಾತು ಗಾಳಿಗೆ ಹೋಗುತ್ತಿತ್ತು. ವೀಡಿಯೊದಲ್ಲಿ, ಸಂದೇಶದಲ್ಲಿ ಅದು ಬರಹವಾಗಿ ಉಳಿಯುತ್ತದೆ. ಕ್ಲೇಮಿನ ಅರ್ಜಿಯಲ್ಲಿ 'ಕಾಯಿಲೆ ಮೊದಲು ಪತ್ತೆಯಾದ ದಿನಾಂಕ' ಅಂತ ಒಂದು ಜಾಗ ಇದೆ. ಕಂಪನಿ ಅದನ್ನು ನಿಮ್ಮ ಮೊದಲ ಚೀಟಿಯ ಜೊತೆ ಹೋಲಿಸಿ ನೋಡುತ್ತದೆ. ಪಾಲಿಸಿ ತೆಗೆಯುವ ಮೊದಲೇ ಕಾಯಿಲೆ ಇತ್ತು ಅಂತ ಆದರೆ, ಕಾಯುವ ಅವಧಿ ಮುಗಿಯದಿದ್ದಲ್ಲಿ ಆಸ್ಪತ್ರೆಯ ಕ್ಲೇಮೇ ಬೀಳುತ್ತದೆ. ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯುವುದು, ಹರ್ನಿಯ, ಪೈಲ್ಸ್ ಇಂಥವಕ್ಕೆ ಆರೋಗ್ಯ ಸಂಜೀವನಿಯಲ್ಲಿ 2 ವರ್ಷದ ಕಾಯುವ ಅವಧಿ ಹೇಗೂ ಇದೆ. ನಮ್ಮ ಅಕ್ಕನ ಜುಲೈ 6ರ ಚೀಟಿಯಲ್ಲಿ 'ಬಹಳ ವರ್ಷಗಳಿಂದ ಹೊಟ್ಟೆ ಉರಿ' ಅಂತ ಇತ್ತು. ಪಾಲಿಸಿ ನಾಲ್ಕನೇ ವರ್ಷದಲ್ಲಿ ಇದ್ದದ್ದರಿಂದ ತೊಂದರೆಯಾಗಲಿಲ್ಲ. ಮೊದಲ ವರ್ಷವಾಗಿದ್ದರೆ ಕಥೆ ಬೇರೆ. ಹಾಗಂತ ಡಾಕ್ಟರಿಗೆ ಸುಳ್ಳು ಹೇಳಬೇಡಿ, ಮುಚ್ಚಿಡಲೂ ಬೇಡಿ, ಅದರಿಂದ ಚಿಕಿತ್ಸೆ ತಪ್ಪುತ್ತದೆ. ಇದ್ದದ್ದನ್ನು ಲೆಕ್ಕವಾಗಿ ಹೇಳಿ. 'ಈ ನೋವು ಎರಡು ವಾರದಿಂದ, ಹೊಟ್ಟೆ ಉರಿ ಮೊದಲಿಂದ ಆಗಾಗ' ಅಂದರೆ ಅದು ನಿಜವೂ ಹೌದು, ಸ್ಪಷ್ಟವೂ ಹೌದು.

ಬಿಲ್ಲು ಕಳಿಸಲು ಗಡುವು ಇದೆ. ಆರೋಗ್ಯ ಸಂಜೀವನಿಯಲ್ಲಿ ಅಡ್ಮಿಟ್‌ಗೆ ಮೊದಲಿನ ಖರ್ಚನ್ನು ಡಿಸ್ಚಾರ್ಜ್ ಆದ 30 ದಿನದೊಳಗೆ ಕೇಳಬೇಕು. ಅಕ್ಕನಿಗೆ ಅದು ಸೆಪ್ಟೆಂಬರ್ 14ರವರೆಗೆ ಇತ್ತು. ಆಮೇಲಿನ 60 ದಿನದಲ್ಲಿ ವೀಡಿಯೊದಲ್ಲಿ ಗಾಯ ತೋರಿಸಿದ್ದು, ಮಾತ್ರೆ ಬದಲಿಸಿದ್ದು ಇದ್ದರೆ ಅದೂ ಇದೇ ನಿಯಮದಲ್ಲಿ ಬರುತ್ತದೆ. ಆ ಚಿಕಿತ್ಸೆ ಮುಗಿದ 15 ದಿನದೊಳಗೆ ಆ ಬಿಲ್ಲು ಕಳಿಸಬೇಕು. ಬೇರೆ ಪಾಲಿಸಿಯಲ್ಲಿ ದಿನಗಳು ಬೇರೆ ಇರಬಹುದು, ಕೆಲವದರಲ್ಲಿ ಮೊದಲಿನದು 60 ದಿನ. ಪಾಲಿಸಿಯ ಜೊತೆಗೆ ಬರುವ ಮಾಹಿತಿ ಪತ್ರದಲ್ಲಿ ಇದು ಇರುತ್ತದೆ. ಅದನ್ನು ಕನ್ನಡದಲ್ಲಿ ಕೊಡಿ ಅಂತ ಕೇಳಿದರೆ ಕಂಪನಿ ಕೊಡಬೇಕು.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರು ಬೇಡ, ಒಂದು ವರ್ಷದೊಳಗೆ ಬರೆಯಬೇಕು. ಪ್ರಾಧಿಕಾರದ ಉಚಿತ ದೂರವಾಣಿ 155255ಕ್ಕೂ ದೂರು ಹೇಳಬಹುದು.

ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳು:

"ಮೇಡಂ, ವೀಡಿಯೊದಲ್ಲಿ ತೋರಿಸಿದೆ, ಮಾತ್ರೆಯಲ್ಲೇ ವಾಸಿ ಆಯ್ತು, ಅಡ್ಮಿಟ್ ಆಗ್ಲಿಲ್ಲ. ಆ ಫೀಸು ಸಿಗತ್ತಾ?" ಸಿಗುವುದಿಲ್ಲ. ಅಡ್ಮಿಟ್‌ನ ಕ್ಲೇಮೇ ಇಲ್ಲದಿದ್ದರೆ 'ಅಡ್ಮಿಟ್‌ಗೆ ಮೊದಲಿನ ಖರ್ಚು' ಅನ್ನುವುದೂ ಇಲ್ಲ. ಹೊರರೋಗಿ ಖರ್ಚು ಕೊಡುವ ಬೇರೆ ಪಾಲಿಸಿಗಳಿವೆ, ಅವುಗಳ ಕಂತು ಹೆಚ್ಚು, ವರ್ಷಕ್ಕೆ ಇಷ್ಟೇ ಅಂತ ಮಿತಿಯೂ ಇರುತ್ತದೆ. ಆರೋಗ್ಯ ಸಂಜೀವನಿಯಲ್ಲಿ ಅದಿಲ್ಲ.

"ನಾವು ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವನಿಯಲ್ಲಿ ದೊಡ್ಡ ಡಾಕ್ಟ್ರಿಗೆ ತೋರಿಸ್ತೀವಿ. ಅದಕ್ಕೆ ದುಡ್ಡೇ ಇಲ್ಲ. ಆ ಚೀಟಿ ಇಟ್ಕೊಂಡು ಏನು ಪ್ರಯೋಜನ?" ಬಹಳ ಒಳ್ಳೆಯ ಪ್ರಶ್ನೆ. ಸರ್ಕಾರದ ಇ-ಸಂಜೀವನಿ ಉಚಿತ, ಆದ್ದರಿಂದ ಫೀಸು ಕೇಳಲು ಏನೂ ಇಲ್ಲ. ಆದರೆ ಅಲ್ಲಿ ಸಿಗುವ ಚೀಟಿ ವೈದ್ಯರ ಚೀಟಿಯೇ. ಅದರ ಮೇಲೆ ಹೊರಗೆ ಸ್ಕ್ಯಾನಿಂಗ್ ಮಾಡಿಸಿ, 30 ದಿನದೊಳಗೆ ಅದೇ ಕಾಯಿಲೆಗೆ ಅಡ್ಮಿಟ್ ಆದರೆ, ಸ್ಕ್ಯಾನಿಂಗ್ ಹಣ ಕೇಳಲು ಆ ಚೀಟಿಯೇ ಆಧಾರ. ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಪಾಲಿಸಿಯ ಜೊತೆ ಕಂಪನಿಯವರೇ ಕೊಡುವ ಉಚಿತ ವೀಡಿಯೊ ಸಲಹೆಗೂ ಇದೇ ಮಾತು.

"ನನ್ನ ಹತ್ತಿರ ಆಯುಷ್ಮಾನ್ ಕಾರ್ಡ್ ಮಾತ್ರ ಇದೆ." ಆ ಕಾರ್ಡಿನ ಕ್ರಮ ಬೇರೆ. ಬಿಲ್ಲು ಕೊಟ್ಟು ಹಣ ವಾಪಸ್ ಪಡೆಯುವ ಪದ್ಧತಿ ಅಲ್ಲಿಲ್ಲ. ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅಡ್ಮಿಟ್‌ಗೆ ಮೊದಲಿನ 3 ದಿನ, ಆಮೇಲಿನ 15 ದಿನದ ಪರೀಕ್ಷೆ ಮತ್ತು ಔಷಧಿ ಪ್ಯಾಕೇಜಿನ ಒಳಗೇ ಸೇರಿದೆ, ಹಣ ಹೋಗುವುದು ಆಸ್ಪತ್ರೆಗೆ. ಮೂರು ವಾರ ಹಿಂದೆ ಆ್ಯಪಿನಲ್ಲಿ ನೀವು ಕೊಟ್ಟ ಫೀಸಿಗೆ ಅಲ್ಲಿ ಜಾಗ ಇಲ್ಲ. ಆಸ್ಪತ್ರೆಯವರು ಹಳೆಯ ರಿಪೋರ್ಟ್ ಒಪ್ಪಿಕೊಂಡರೆ ಮತ್ತೆ ಪರೀಕ್ಷೆ ಮಾಡಿಸುವುದು ತಪ್ಪುತ್ತದೆ, ಅಷ್ಟು ಲಾಭ.

"ಸಾಲದ ಜೊತೆ ನಮಗೆ ದಿನಕ್ಕೆ ಇಷ್ಟು ರೂಪಾಯಿ ಅಂತ ಕೊಡೋ ವಿಮೆ ಮಾಡಿಸಿದಾರೆ. ಅದ್ರಲ್ಲಿ?" ಅದರಲ್ಲಿ ಸಿಗುವುದಿಲ್ಲ. ಆಸ್ಪತ್ರೆಯಲ್ಲಿ ಎಷ್ಟು ದಿನ ಮಲಗಿದಿರಿ ಅಂತ ಎಣಿಸಿ ಕೊಡುವ ವಿಮೆ ಅದು, ಖರ್ಚಿನ ಬಿಲ್ಲು ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದೂ ಇದ್ದು ಆರೋಗ್ಯ ಸಂಜೀವನಿಯೂ ಇದ್ದರೆ ಎರಡರಲ್ಲೂ ಕೇಳಬಹುದು. ಡಿಸ್ಚಾರ್ಜ್ ಆಗುವ ದಿನವೇ ಡಿಸ್ಚಾರ್ಜ್ ಸಮ್ಮರಿಗೆ ಆಸ್ಪತ್ರೆಯ ಸೀಲು ಹಾಕಿಸಿದ ಇನ್ನೊಂದು ಪ್ರತಿ ತೆಗೆದುಕೊಂಡು ಬನ್ನಿ.